ಒಂದು ಮೊಬೈಲ್ ಸಂಖ್ಯೆಯ ಜಾಡು ಹಿಡಿದು: 48 ಸ್ಲೈಡ್‌ಗಳಿಂದ ಎರಡು ಪುಟದ ಪರಿಶೀಲನಾ ಟಿಪ್ಪಣಿ

ಚಂದಾದಾರರ ಸೇವೆಯೊಂದಕ್ಕೆ ಹೊಸದಾಗಿ ಕಟ್ಟಿದ್ದ ದತ್ತಾಂಶ ವ್ಯವಸ್ಥೆಯ ಭದ್ರತಾ ವಿನ್ಯಾಸವನ್ನು ಅದರ ತಂಡ 48 ಸ್ಲೈಡ್‌ಗಳ ಡೆಕ್ ಆಗಿ ಸಿದ್ಧಪಡಿಸಿತ್ತು. ಆರು ವಾರಗಳ ಪ್ರಾಯೋಗಿಕ ಬಳಕೆ ಆಗಲೇ ಮುಗಿದಿತ್ತು. ಇನ್ನು ಎಲ್ಲ ಚಂದಾದಾರರಿಗೂ ಅದನ್ನು ತೆರೆಯಬಹುದೇ ಎಂದು ಮೂವರ ಸಮಿತಿ ತೀರ್ಮಾನಿಸಬೇಕಿತ್ತು. ಆ ಮೂವರಿಗೂ 48 ಸ್ಲೈಡ್ ಓದುವಷ್ಟು ಬಿಡುವಿರಲಿಲ್ಲ. ದತ್ತಾಂಶ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲೆಲ್ಲಿ ಉಳಿಯುತ್ತದೆ, ಯಾರ ಕೈಗೆ ಎಟುಕುತ್ತದೆ, ಅದರಲ್ಲಿ ಅಪಾಯ ಯಾವುದು ಎಂಬುದನ್ನು ಎರಡು ಪುಟದಲ್ಲಿ ಬರೆದುಕೊಡುವ ಕೆಲಸ ನನಗೆ ಬಂತು.

ನನ್ನ ಮೊದಲ ಕರಡು ಸ್ಲೈಡ್‌ಗಳ ಕ್ರಮದಲ್ಲೇ ಸಾಗಿತ್ತು. ಮೊದಲು ವ್ಯವಸ್ಥೆಯ ಪರಿಚಯ, ಆಮೇಲೆ ಜಾಲದ ವಿನ್ಯಾಸ, ನಂತರ ಎನ್‌ಕ್ರಿಪ್ಷನ್, ಕೊನೆಗೆ ಪ್ರವೇಶ ನಿಯಂತ್ರಣ. ಯಾವ ವಾಕ್ಯದಲ್ಲೂ ತಪ್ಪಿರಲಿಲ್ಲ. ಸಮಿತಿಯ ಹಿರಿಯ ಸದಸ್ಯರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: “ಇದನ್ನು ಓದಿದ ಮೇಲೆ ನಾನು ಏನನ್ನು ತಡೆಯಬೇಕು, ಏನನ್ನು ಬಿಡಬೇಕು?” ನನ್ನ ಬಳಿ ಉತ್ತರವಿರಲಿಲ್ಲ. ಡೆಕ್ ಏನು ಹೇಳುತ್ತದೆ ಎಂಬುದನ್ನಷ್ಟೇ ಚಿಕ್ಕದಾಗಿ ಬರೆದಿದ್ದೆ. ವ್ಯವಸ್ಥೆ ದತ್ತಾಂಶವನ್ನು ಏನು ಮಾಡುತ್ತದೆ ಎಂಬುದು ಅದರಲ್ಲಿರಲಿಲ್ಲ.

ಎರಡನೇ ಸಲ ಓದುವಾಗ ಸ್ಲೈಡ್‌ಗಳ ಕ್ರಮವನ್ನು ಕೈಬಿಟ್ಟೆ. ಚಂದಾದಾರರ ಮೊಬೈಲ್ ಸಂಖ್ಯೆ ಎಂಬ ಒಂದೇ ಒಂದು ಅಂಶವನ್ನು ಹಿಡಿದುಕೊಂಡು ಅದರ ಹಿಂದೆಯೇ ಹೋದೆ. ಮೊಬೈಲ್ ಸಂಖ್ಯೆಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಅದು ನೇರವಾಗಿ ಒಬ್ಬ ವ್ಯಕ್ತಿಯನ್ನು ತೋರಿಸುತ್ತದೆ, ಲಾಗಿನ್‌ನಿಂದ ಬಿಲ್ಲಿನವರೆಗೆ ಎಲ್ಲ ಭಾಗಗಳಿಗೂ ಬೇಕಾಗುತ್ತದೆ. ಹಾಗಾಗಿ ಹೆಚ್ಚು ಕಡೆ ನಕಲಾಗುವುದೂ ಅದೇ. ಕಾಗದದ ಮೇಲೆ ನಾಲ್ಕು ಕಾಲಂ ಎಳೆದೆ: ಎಲ್ಲಿಂದ, ಎಲ್ಲಿಗೆ, ಯಾವ ಖಾತೆಯ ಹೆಸರಿನಲ್ಲಿ, ಯಾವ ಸ್ಲೈಡ್. ತುಂಬಲಾಗದ ಪ್ರತಿ ಮನೆಯೂ ತಂಡಕ್ಕೆ ಕೇಳಬೇಕಾದ ಒಂದು ಪ್ರಶ್ನೆ.

ಒಟ್ಟು ಚಿತ್ರ ಆರನೇ ಸ್ಲೈಡ್‌ನಲ್ಲಿತ್ತು. ಮೊಬೈಲ್ ಆ್ಯಪ್, ಗೇಟ್‌ವೇ, ಸರ್ವರ್, ಮುಖ್ಯ ಡೇಟಾಬೇಸ್, ಅಲ್ಲಿಂದ ವರದಿಗಳಿಗಾಗಿ ಡೇಟಾ ವೇರ್‌ಹೌಸ್. ಆ ಚಿತ್ರದಂತೆ ಸಂಖ್ಯೆ ನಿಲ್ಲುವುದು ಎರಡೇ ಕಡೆ, ಡೇಟಾಬೇಸ್‌ನಲ್ಲಿ ಮತ್ತು ವೇರ್‌ಹೌಸ್‌ನಲ್ಲಿ. ಉಳಿದ ಸ್ಲೈಡ್‌ಗಳಲ್ಲಿ ಜಾಡು ಹಿಡಿದು ಹೋದಂತೆ ಪಟ್ಟಿ ಬೆಳೆಯಿತು. ಡೇಟಾಬೇಸ್‌ನ ಬದಲಾವಣೆಗಳು, ಸಂದೇಶಗಳನ್ನು ಸಾಲಾಗಿ ಸಾಗಿಸುವ ಅಪಾಚೆ ಕಾಫ್ಕಾ ಕ್ಯೂ ಮೂಲಕ ವೇರ್‌ಹೌಸ್ ಸೇರುತ್ತಿದ್ದವು. ಹನ್ನೊಂದನೇ ಸ್ಲೈಡ್ ಆ ಕ್ಯೂವನ್ನು ಬರಿಯ ಬಾಣವಾಗಿ ಬರೆದಿತ್ತು. ಆದರೆ ಅದರ ಸೆಟ್ಟಿಂಗ್ ಅನ್ನು ಯಾರೂ ಬದಲಾಯಿಸದಿದ್ದರೆ `log.retention.hours=168` ಎಂದೇ ಇರುತ್ತದೆ. ಅಂದರೆ ಪ್ರತಿ ಸಂದೇಶವೂ ಏಳು ದಿನ ಅಲ್ಲಿ ಕೂತಿರುತ್ತದೆ. ಚಿತ್ರದಲ್ಲಿ ಬಾಣವಾಗಿದ್ದದ್ದು ನಿಜದಲ್ಲಿ ಒಂದು ಸಂಗ್ರಹ. ವೇರ್‌ಹೌಸ್‌ನೊಳಗೂ ಎರಡು ಪದರಗಳಿದ್ದವು: ಬಂದದ್ದನ್ನು ಬಂದ ಹಾಗೆಯೇ ಇಡುವ ಕಚ್ಚಾ ಪದರ, ವಿಶ್ಲೇಷಕರು ಬಳಸುವ ವರದಿ ಪದರ. 22ನೇ ಸ್ಲೈಡ್‌ನಲ್ಲಿ ದೋಷಗಳನ್ನು ಹೇಗೆ ಪತ್ತೆ ಹಚ್ಚುತ್ತೇವೆ ಎಂದು ತೋರಿಸಲು ಲಾಗ್‌ನ ಒಂದು ಮಾದರಿ ಸಾಲು ಹಾಕಿದ್ದರು. ಆ ಸಾಲಿನಲ್ಲಿ ಮೊಬೈಲ್ ಸಂಖ್ಯೆ ಪೂರ್ತಿಯಾಗಿ ಕಾಣುತ್ತಿತ್ತು. ಇವುಗಳ ಜೊತೆಗೆ ಬ್ಯಾಕಪ್, ಎಸ್‌ಎಂಎಸ್ ಕಳುಹಿಸುವ ಹೊರಗಿನ ಸಂಸ್ಥೆ, ಗ್ರಾಹಕ ಸಹಾಯ ಸಿಬ್ಬಂದಿ ಇಳಿಸಿಕೊಳ್ಳುವ ಫೈಲುಗಳ ಬಕೆಟ್, ಪರೀಕ್ಷಾ ಪರಿಸರದ ಡೇಟಾಬೇಸ್. ಎಣಿಸಿ ನೋಡಿದಾಗ ಒಂದೇ ಸಂಖ್ಯೆ ಒಂಬತ್ತು ಕಡೆ ಉಳಿಯುತ್ತಿತ್ತು.

ಟಿಪ್ಪಣಿಯ ಮೊದಲ ವಾಕ್ಯವನ್ನು ಅಲ್ಲಿಂದಲೇ ತೆಗೆದೆ: “ಚಂದಾದಾರರ ಮೊಬೈಲ್ ಸಂಖ್ಯೆ ಒಂಬತ್ತು ಕಡೆ ಸಂಗ್ರಹವಾಗುತ್ತದೆ, ಡೆಕ್‌ನ ಮುಖ್ಯ ಚಿತ್ರದಲ್ಲಿ ಕಾಣುವುದು ಎರಡು.” ಸಮಿತಿಯಲ್ಲಿ ಅತಿ ಹೆಚ್ಚು ಚರ್ಚೆಯಾದ ವಾಕ್ಯವೂ ಅದೇ.

ಇಲ್ಲಿ ನನ್ನಿಂದಾದ ಒಂದು ತಪ್ಪನ್ನು ಹೇಳಬೇಕು, ಟಿಪ್ಪಣಿಯ ರೂಪ ಬದಲಾದದ್ದು ಅದರಿಂದಲೇ. ಎಂಟನೇ ಸ್ಲೈಡ್‌ನಲ್ಲಿ ಬೀಗದ ಗುರುತು ಆ್ಯಪ್‌ನಿಂದ ಗೇಟ್‌ವೇವರೆಗಿನ ಬಾಣದ ಮೇಲೆ ಮಾತ್ರ ಇತ್ತು. ಗೇಟ್‌ವೇಯಿಂದ ಸರ್ವರ್‌ಗೆ ಹೋಗುವ ಬಾಣದ ಮೇಲೆ ಇರಲಿಲ್ಲ. ಹಲವು ವ್ಯವಸ್ಥೆಗಳಲ್ಲಿ, ಸಾಗುವ ದತ್ತಾಂಶವನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್ ಗೇಟ್‌ವೇ ಬಳಿ ಮುಗಿದು, ಒಳಜಾಲದಲ್ಲಿ ದತ್ತಾಂಶ ಬಯಲಾಗಿಯೇ ಹರಿಯುವುದನ್ನು ನೋಡಿದ್ದೆ. ಹಾಗಾಗಿ “ಗೇಟ್‌ವೇಯಿಂದ ಮುಂದೆ ದತ್ತಾಂಶ ಎನ್‌ಕ್ರಿಪ್ಟ್ ಆಗಿಲ್ಲ” ಎಂದು ಬರೆದುಬಿಟ್ಟೆ. ಕರಡನ್ನು ನೋಡಿದ ತಂಡದ ಆರ್ಕಿಟೆಕ್ಟ್ ನೇರವಾಗಿಯೇ ಕೇಳಿದರು: “ಇದನ್ನು ನೀವು ಎಲ್ಲಿ ನೋಡಿದಿರಿ?” ಅವರು ಸಂರಚನೆಯ ಫೈಲನ್ನೇ ತೆರೆದು ತೋರಿಸಿದರು. ಒಳಗಿನ ಎಲ್ಲ ಸರ್ವರ್‌ಗಳ ನಡುವೆಯೂ ಎರಡೂ ಕಡೆಯ ಪ್ರಮಾಣಪತ್ರ ಪರಿಶೀಲಿಸುವ ಟಿಎಲ್‌ಎಸ್ ಇತ್ತು. ಚಿತ್ರದಲ್ಲಿ ಅದನ್ನು ಬರೆದಿರಲಿಲ್ಲ, ಅಷ್ಟೇ. ಆದರೆ ಅದೇ ಮಾತುಕತೆಯಲ್ಲಿ ಕ್ಯೂನಿಂದ ವೇರ್‌ಹೌಸ್‌ಗೆ ಹೋಗುವ ದಾರಿಯನ್ನು ಕೇಳಿದಾಗ, ಅಲ್ಲಿ ನಿಜವಾಗಿಯೂ ಎನ್‌ಕ್ರಿಪ್ಷನ್ ಇಲ್ಲ ಎಂದು ತಿಳಿಯಿತು. ಎರಡೂ ಬಾಣಗಳು ಸ್ಲೈಡ್‌ನಲ್ಲಿ ಒಂದೇ ರೀತಿ ಕಾಣುತ್ತಿದ್ದವು.

“ಇಲ್ಲ” ಎಂಬುದಕ್ಕೂ “ಡೆಕ್‌ನಲ್ಲಿ ಹೇಳಿಲ್ಲ” ಎಂಬುದಕ್ಕೂ ಇರುವ ಅಂತರವನ್ನು ಆಮೇಲೆ ಪ್ರತಿ ವಾಕ್ಯದಲ್ಲೂ ಕಾಣುವಂತೆ ಮಾಡಿದೆ. ಟಿಪ್ಪಣಿಯ ಎಡ ಅಂಚಿನಲ್ಲಿ ನಾಲ್ಕು ಗುರುತುಗಳಲ್ಲಿ ಒಂದನ್ನು ಹಾಕಿದೆ: ಡೆಕ್‌ನಲ್ಲಿದೆ, ತಂಡ ತಿಳಿಸಿದೆ, ಕಣ್ಣಾರೆ ನೋಡಿದೆ, ಉತ್ತರ ಬಂದಿಲ್ಲ. ಒಳಜಾಲದ ಟಿಎಲ್‌ಎಸ್‌ಗೆ ಮೂರನೆಯ ಗುರುತು ಸಿಕ್ಕಿತು. ಬ್ಯಾಕಪ್ 35 ದಿನ ಇರುತ್ತದೆ ಎಂಬುದಕ್ಕೆ ಎರಡನೆಯದು. ಈ ಗುರುತುಗಳಿಲ್ಲದ ಟಿಪ್ಪಣಿ ಓದುವವರಿಗೆ ಎಲ್ಲ ವಾಕ್ಯಗಳೂ ಒಂದೇ ತೂಕದವು ಎಂಬ ಭಾವನೆ ಹುಟ್ಟಿಸುತ್ತದೆ. ಆ ತಪ್ಪಿನ ಹೊಣೆ ಬರೆದವರ ಮೇಲೆಯೇ ಬರುತ್ತದೆ.

ಸಂಗ್ರಹದ ಭಾಗಕ್ಕೆ ಬರೋಣ. ಒಂಬತ್ತನೇ ಸ್ಲೈಡ್ ದೊಡ್ಡ ಅಕ್ಷರಗಳಲ್ಲಿ ಹೇಳುತ್ತಿತ್ತು: “ಎಲ್ಲ ಸಂಗ್ರಹಗಳೂ ಎಇಎಸ್-256 ಎನ್‌ಕ್ರಿಪ್ಷನ್ ಹೊಂದಿವೆ.” ಇದು ಸುಳ್ಳಲ್ಲ. ನನ್ನ ಮೊದಲ ಕರಡು ಇದನ್ನು ಹಾಗೆಯೇ ಎತ್ತಿಕೊಂಡಿತ್ತು. ಆದರೆ ಯಾರಿಂದ ರಕ್ಷಣೆ ಎಂದು ಕೇಳಿದರೆ ಆ ವಾಕ್ಯದ ವ್ಯಾಪ್ತಿ ಬಹಳ ಕಿರಿದಾಗುತ್ತದೆ. ಸಂಗ್ರಹದ ಮಟ್ಟದಲ್ಲಿ ಮಾಡುವ ಎನ್‌ಕ್ರಿಪ್ಷನ್, ಡಿಸ್ಕ್ ಕಳುವಾದಾಗ ಅಥವಾ ಹಳೆಯ ಡಿಸ್ಕ್ ಬೇರೆಯವರ ಕೈ ಸೇರಿದಾಗ ಕಾಪಾಡುತ್ತದೆ. ಅನುಮತಿ ಇರುವ ಖಾತೆಯಿಂದ ಒಳಬಂದವರಿಗೆ ದತ್ತಾಂಶ ತಾನಾಗಿಯೇ ಬಿಚ್ಚಿಕೊಂಡು ಸಿಗುತ್ತದೆ. ಆ ಖಾತೆಯ ಪಾಸ್‌ವರ್ಡ್ ಕದ್ದವರಿಗೂ ಹಾಗೆಯೇ.

ಹಾಗಾದರೆ ನೋಡಬೇಕಾದದ್ದು ಕೀ ಯಾರ ಬಳಿ ಇದೆ ಎಂಬುದನ್ನು. ಡೆಕ್‌ನ ಕೊನೆಯಲ್ಲಿ ಅನುಬಂಧವಾಗಿ ಅನುಮತಿಗಳ ಕೋಷ್ಟಕವೊಂದಿತ್ತು, 45ನೇ ಸ್ಲೈಡ್, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರ. ಅದರಲ್ಲಿ `report_svc` ಎಂಬ ಖಾತೆಗೆ ವೇರ್‌ಹೌಸ್‌ನ ಸಂಗ್ರಹ ಓದುವ ಅನುಮತಿಯೂ ಇತ್ತು, ಅದರ ಕೀ ಬಳಸಿ ಬಿಚ್ಚುವ ಅನುಮತಿಯೂ ಇತ್ತು. ವರದಿ ತಯಾರಿಸಲು ಇವೆರಡೂ ಬೇಕು, ಅದರಲ್ಲಿ ತಪ್ಪಿಲ್ಲ. ತೊಡಕು ಇದ್ದದ್ದು ವ್ಯಾಪ್ತಿಯಲ್ಲಿ. ಅನುಮತಿ ವರದಿ ಪದರಕ್ಕಷ್ಟೇ ಸೀಮಿತವಾಗಿರಲಿಲ್ಲ, ಕಚ್ಚಾ ಪದರಕ್ಕೂ ಇತ್ತು. ಎರಡಕ್ಕೂ ಒಂದೇ ಕೀ.

ಟಿಪ್ಪಣಿಯಲ್ಲಿ ಒಂಬತ್ತನೇ ಸ್ಲೈಡ್‌ನ ಆ ಒಂದು ಸಾಲು ಹೀಗಾಯಿತು: “ಸಂಗ್ರಹಗಳು ಎಇಎಸ್-256ರಿಂದ ಎನ್‌ಕ್ರಿಪ್ಟ್ ಆಗಿವೆ. ಇದು ಡಿಸ್ಕ್ ಕಳವಿಗೆ ತಡೆ. ಖಾತೆಯ ದುರ್ಬಳಕೆಗೆ ತಡೆಯಲ್ಲ. `report_svc` ಖಾತೆ ಕಚ್ಚಾ ಪದರದಲ್ಲಿರುವ ಎಲ್ಲ ಚಂದಾದಾರರ ಸಂಖ್ಯೆಗಳನ್ನೂ ಬಿಚ್ಚಿ ಓದಬಲ್ಲದು. ಅದರ ಕೆಲಸಕ್ಕೆ ಈ ಅನುಮತಿ ಬೇಕಿಲ್ಲ.” ಮೂಲಕ್ಕಿಂತ ಉದ್ದವಾಯಿತು. ಸಾರಾಂಶ ಎಂದರೆ ಎಲ್ಲವನ್ನೂ ಮೊಟಕುಗೊಳಿಸುವುದು ಎಂದು ನಾನು ಒಪ್ಪುವುದಿಲ್ಲ. ಇಪ್ಪತ್ತು ಸ್ಲೈಡ್‌ಗಳನ್ನು ಒಂದು ಸಾಲಿಗೆ ಇಳಿಸಿದ್ದರಿಂದಲೇ ಈ ಒಂದು ಸಾಲಿಗೆ ಐದು ವಾಕ್ಯ ಕೊಡಲು ಜಾಗ ಸಿಕ್ಕಿತು.

ವರದಿ ಪದರದಲ್ಲಿ ಇನ್ನೊಂದು ವಿಷಯವಿತ್ತು, ನನ್ನ ಹೆಚ್ಚಿನ ಸಮಯ ಹೋದದ್ದು ಅದಕ್ಕೆ. 16ನೇ ಸ್ಲೈಡ್ ಪ್ರಕಾರ ಅಲ್ಲಿ ಮೊಬೈಲ್ ಸಂಖ್ಯೆ ಇರುವುದೇ ಇಲ್ಲ. ಅದನ್ನು ಎಸ್‌ಎಚ್‌ಎ-256 ಹ್ಯಾಶ್ ಎಂಬ ನಿಗದಿತ ಉದ್ದದ ಸಂಕೇತವಾಗಿ ಪರಿವರ್ತಿಸಿ “ಅನಾಮಧೇಯ”ಗೊಳಿಸಲಾಗಿದೆ. ಹ್ಯಾಶ್‌ನಿಂದ ಮೂಲ ಸಂಖ್ಯೆಯನ್ನು ಹಿಂದಕ್ಕೆ ಪಡೆಯಲಾಗದು ಎಂಬ ವಾದ. ಗಣಿತದ ದೃಷ್ಟಿಯಿಂದ ಹ್ಯಾಶ್ ಒಮ್ಮುಖವೇ, ನಿಜ. ಆದರೆ ಹಿಂದಕ್ಕೆ ಹೋಗುವ ಅಗತ್ಯವೇ ಇಲ್ಲ. ಹತ್ತು ಅಂಕಿಯ ಸಂಖ್ಯೆಗಳು ಇರುವುದೇ ಹೆಚ್ಚೆಂದರೆ ಸಾವಿರ ಕೋಟಿ. ಒಂದೊಂದನ್ನೂ ಹ್ಯಾಶ್ ಮಾಡುತ್ತಾ ಹೋಗಿ, ಕೋಷ್ಟಕದಲ್ಲಿರುವುದಕ್ಕೆ ಹೋಲಿಸಿದರೆ ಸಾಕು. ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ಎಸ್‌ಎಚ್‌ಎ-256 ಲೆಕ್ಕ ಮಾಡುತ್ತದೆ. ಅಂದರೆ ಇಡೀ ಸಾವಿರ ಕೋಟಿ ಹತ್ತು ಸೆಕೆಂಡಿನೊಳಗಿನ ಕೆಲಸ.

ಇದನ್ನು ಬರೆದರೆ ಯಾರೂ ನಂಬುವುದಿಲ್ಲ ಎಂಬ ಅನುಮಾನದಿಂದ ಮಾಡಿಯೇ ನೋಡಿದೆ. ನನ್ನದೇ ಸಂಖ್ಯೆಯ ಹ್ಯಾಶ್ ತೆಗೆದುಕೊಂಡೆ. ಬೇರೆಯವರ ದತ್ತಾಂಶವನ್ನು ಇಂಥ ಪ್ರಯೋಗಕ್ಕೆ ಮುಟ್ಟಬಾರದು. ಒಂದು ಚಿಕ್ಕ ಪ್ರೋಗ್ರಾಂ ಬರೆದು, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿಯ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದೆ. ಹತ್ತು ನಿಮಿಷದೊಳಗೆ ನನ್ನ ಸಂಖ್ಯೆ ಪರದೆಯ ಮೇಲಿತ್ತು. ಆರ್ಕಿಟೆಕ್ಟ್ ಪಕ್ಕದಲ್ಲೇ ಕುಳಿತು ನೋಡಿದರು. ಆಮೇಲೆ “ಅನಾಮಧೇಯ” ಎಂಬ ಪದದ ಬಗ್ಗೆ ಚರ್ಚೆ ಮುಂದುವರಿಯಲಿಲ್ಲ.

ಇದಕ್ಕೆ ಪರಿಹಾರ ರಹಸ್ಯ ಕೀ ಸೇರಿಸಿ ಮಾಡುವ ಹ್ಯಾಶ್, ಎಚ್‌ಮ್ಯಾಕ್. ಕೀ ಗೊತ್ತಿಲ್ಲದವರಿಗೆ ಸಾವಿರ ಕೋಟಿ ಸಂಖ್ಯೆಗಳನ್ನು ಪ್ರಯತ್ನಿಸಿದರೂ ಹೋಲಿಸಲು ಏನೂ ಸಿಗುವುದಿಲ್ಲ. ಆದರೆ ಇದಕ್ಕೂ ಮಿತಿಯಿದೆ, ಅದನ್ನೂ ಟಿಪ್ಪಣಿಯಲ್ಲಿ ಬರೆದೆ. ವರದಿ ಪದರ ಓದುವ ಖಾತೆಗಳಿಗೆ ಆ ಕೀ ಎಟುಕಬಾರದು. ಎಟುಕಿದರೆ ಪರಿಸ್ಥಿತಿ ಮೊದಲಿನಂತೆಯೇ. ಜೊತೆಗೆ ಒಂದೇ ಸಂಖ್ಯೆಗೆ ಪ್ರತಿ ಸಲವೂ ಒಂದೇ ಸಂಕೇತ ಬರುವುದರಿಂದ, ಒಬ್ಬ ವ್ಯಕ್ತಿಯ ಎಲ್ಲ ವ್ಯವಹಾರಗಳನ್ನು ಈಗಲೂ ಒಂದೇ ದಾರಕ್ಕೆ ಪೋಣಿಸಬಹುದು. ವಿಶ್ಲೇಷಕರಿಗೆ ಬೇಕಾದದ್ದೂ ಅದೇ. ಹಾಗಾಗಿ “ಅನಾಮಧೇಯ” ಎಂಬ ಪದವನ್ನು ತೆಗೆದು “ಸಂಕೇತಕ್ಕೆ ಬದಲಾಯಿಸಿದ ವೈಯಕ್ತಿಕ ದತ್ತಾಂಶ” ಎಂದು ಬರೆಯಲು ಸೂಚಿಸಿದೆ. ಅನಾಮಧೇಯ ಎಂದು ಕರೆದ ಕೂಡಲೇ ಆ ಕೋಷ್ಟಕದ ಮೇಲಿನ ಕಾವಲು ಸಡಿಲವಾಗುತ್ತದೆ. ಈ ಡೆಕ್‌ನಲ್ಲೂ ಹಾಗೆಯೇ ಆಗಿತ್ತು: ವರದಿ ಪದರಕ್ಕೆ ಪ್ರವೇಶ ಕೇಳಿದವರಿಗೆ ಮೇಲಿನವರ ಒಪ್ಪಿಗೆ ಬೇಕಿಲ್ಲ ಎಂದು 17ನೇ ಸ್ಲೈಡ್ ಹೇಳುತ್ತಿತ್ತು.

ಪ್ರವೇಶದ ಭಾಗದಲ್ಲಿ ಡೆಕ್ ಅಚ್ಚುಕಟ್ಟಾಗಿತ್ತು. ಪಾತ್ರಗಳ ಪಟ್ಟಿ, ಎರಡು ಹಂತದ ಲಾಗಿನ್, ಮೂರು ತಿಂಗಳಿಗೊಮ್ಮೆ ಅನುಮತಿಗಳ ಮರುಪರಿಶೀಲನೆ. ಅವೆಲ್ಲ ಜನರ ಖಾತೆಗಳಿಗೆ ಅನ್ವಯಿಸುತ್ತಿದ್ದವು. ವರದಿಗಳನ್ನು ತೋರಿಸುವ ಡ್ಯಾಶ್‌ಬೋರ್ಡ್ ಮಾತ್ರ ಮೇಲೆ ಹೇಳಿದ `report_svc` ಎಂಬ ಒಂದೇ ಖಾತೆಯ ಮೂಲಕ ವೇರ್‌ಹೌಸ್‌ನಿಂದ ದತ್ತಾಂಶ ಕೇಳುತ್ತಿತ್ತು. ಡ್ಯಾಶ್‌ಬೋರ್ಡ್ ಮುಂದೆ ಕುಳಿತವರು ಹತ್ತು ಮಂದಿಯಿರಲಿ, ನೂರು ಮಂದಿಯಿರಲಿ, ವೇರ್‌ಹೌಸ್‌ನ ದಾಖಲೆಯಲ್ಲಿ ಕಾಣುವುದು ಆ ಒಂದೇ ಹೆಸರು. ನಾಳೆ ಯಾರಾದರೂ ಒಬ್ಬರ ಬಿಲ್ಲಿನ ಇತಿಹಾಸ ತೆಗೆದು ನೋಡಿದರೆ, ಯಾರು ನೋಡಿದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುವುದಿಲ್ಲ. ಡ್ಯಾಶ್‌ಬೋರ್ಡ್ ತನ್ನದೇ ದಾಖಲೆ ಇಟ್ಟುಕೊಳ್ಳುತ್ತದೆಯೇ ಎಂದು ಕೇಳಿದೆ. ಇಟ್ಟುಕೊಳ್ಳುತ್ತದೆ, ಆದರೆ ಯಾವ ಪುಟ ತೆರೆದರು ಎಂಬುದನ್ನಷ್ಟೇ. ಯಾರ ವಿವರ ಹುಡುಕಿದರು ಎಂಬುದನ್ನಲ್ಲ.

31ನೇ ಸ್ಲೈಡ್‌ನಲ್ಲಿ ಸಹಾಯ ಸಿಬ್ಬಂದಿಯ ಪರದೆಯ ಚಿತ್ರವಿತ್ತು. ಅಂಥ ಚಿತ್ರಗಳನ್ನು ಹಲವರು ಅಲಂಕಾರ ಎಂದುಕೊಂಡು ದಾಟಿಹೋಗುತ್ತಾರೆ. ನಾನು ಹಿಗ್ಗಿಸಿ ನೋಡುತ್ತೇನೆ, ಏಕೆಂದರೆ ವಿವರಣೆಯಲ್ಲಿ ಬಿಟ್ಟುಹೋದದ್ದು ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಮೂಲೆಯಲ್ಲಿ “ಸಿಎಸ್‌ವಿ ಇಳಿಸಿ” ಎಂಬ ಗುಂಡಿ, ಅದರ ಕೆಳಗೆ ಇಮೇಲ್‌ಗೆ ಹೋಗುವ ಕೊಂಡಿಯ ಮಾದರಿ. ಆ ಕೊಂಡಿಯ ಬಾಲದಲ್ಲಿ ಇದ್ದದ್ದು ಇಷ್ಟು:

```
...&X-Amz-Expires=604800&X-Amz-Signature=...
```

604800 ಸೆಕೆಂಡ್ ಎಂದರೆ ಸರಿಯಾಗಿ ಏಳು ದಿನ. ಈ ಬಗೆಯ ಸಹಿ ಮಾಡಿದ ಕೊಂಡಿಗೆ ಕೊಡಬಹುದಾದ ಗರಿಷ್ಠ ಅವಧಿಯೂ ಅಷ್ಟೇ. ಇಂಥ ಕೊಂಡಿ ಕೈಗೆ ಸಿಕ್ಕವರು ಲಾಗಿನ್ ಆಗಬೇಕಿಲ್ಲ, ಕೊಂಡಿಯೇ ಅನುಮತಿ ಪತ್ರ. ಇಮೇಲ್ ಅನ್ನು ಯಾರಿಗಾದರೂ ಮುಂದಕ್ಕೆ ಕಳುಹಿಸಿದರೆ ಅವರಿಗೂ ಫೈಲು ತೆರೆಯುತ್ತದೆ. ಡೆಕ್‌ನ 48 ಸ್ಲೈಡ್‌ಗಳ ಅಕ್ಷರಗಳಲ್ಲಿ ಎಲ್ಲಿಯೂ ಈ ಕೊಂಡಿಯ ಪ್ರಸ್ತಾಪವಿರಲಿಲ್ಲ. ಎರಡು ಹಂತದ ಲಾಗಿನ್ ಎಷ್ಟು ಗಟ್ಟಿಯಾಗಿದ್ದರೂ ಈ ಹಿತ್ತಿಲ ಬಾಗಿಲು ಏಳು ದಿನ ತೆರೆದೇ ಇರುತ್ತಿತ್ತು.

ಪರೀಕ್ಷಾ ಪರಿಸರದ ವಿಷಯ ಬೇಗ ಹೇಳಿ ಮುಗಿಸಬಹುದು, ಅಪಾಯ ಮಾತ್ರ ಅತಿ ದೊಡ್ಡದು. 38ನೇ ಸ್ಲೈಡ್ “ಪರೀಕ್ಷಾ ಡೇಟಾಬೇಸ್‌ಗೆ ಪ್ರತಿ ವಾರ ಹೊಸ ದತ್ತಾಂಶ ತುಂಬಲಾಗುವುದು” ಎಂದು ಕರ್ಮಣಿ ಪ್ರಯೋಗದಲ್ಲಿ ಹೇಳಿ ಸುಮ್ಮನಾಗಿತ್ತು. ಯಾರು, ಎಲ್ಲಿಂದ ಎಂಬ ಎರಡು ಮನೆಗಳೂ ನನ್ನ ಕಾಗದದಲ್ಲಿ ಖಾಲಿ ಉಳಿದವು. ಕೇಳಿದಾಗ ತಿಳಿಯಿತು: ಮುಖ್ಯ ಡೇಟಾಬೇಸ್‌ನ ಬ್ಯಾಕಪ್ ಅನ್ನೇ ಅಲ್ಲಿ ಬಿಚ್ಚುತ್ತಾರೆ. ಹೆಸರು, ಸಂಖ್ಯೆಗಳನ್ನು ಮರೆಮಾಚುವ ಸ್ಕ್ರಿಪ್ಟ್ ಯೋಜನೆಯಲ್ಲಿತ್ತು, ಇನ್ನೂ ಬರೆದಿರಲಿಲ್ಲ. ಮುಖ್ಯ ಡೇಟಾಬೇಸ್‌ಗೆ ನೇರ ಪ್ರವೇಶವಿದ್ದದ್ದು ಆರು ಮಂದಿಗೆ, ಪರೀಕ್ಷಾ ಡೇಟಾಬೇಸ್‌ಗೆ 64 ಖಾತೆಗಳಿಗೆ. ಡೆಕ್‌ನಲ್ಲಿ ವಾಕ್ಯಕ್ಕೆ ಕರ್ತೃವೇ ಇಲ್ಲದಿದ್ದರೆ ನಾನು ಅಲ್ಲಿ ನಿಲ್ಲುತ್ತೇನೆ.

ಅಳಿಸುವಿಕೆಯ ಬಗ್ಗೆ ಒಂದು ಮಾತು. ಖಾತೆ ಮುಚ್ಚಿದ 30 ದಿನಗಳಲ್ಲಿ ದತ್ತಾಂಶ ಅಳಿಸುತ್ತೇವೆ ಎಂದು ಡೆಕ್ ಹೇಳಿತ್ತು. ಅದು ಒಂಬತ್ತು ಜಾಗಗಳಲ್ಲಿ ಒಂದಕ್ಕೆ, ಅಂದರೆ ಮುಖ್ಯ ಡೇಟಾಬೇಸ್‌ಗೆ ಮಾತ್ರ ನಿಜ. ಕಚ್ಚಾ ಪದರಕ್ಕೆ “ಈ ಸಾಲು ಅಳಿಸಿದೆ” ಎಂಬ ಸಂದೇಶ ಬರುತ್ತದೆ, ಆದರೆ ಹಳೆಯ ಸಾಲೂ ಅದರ ಪಕ್ಕದಲ್ಲೇ ಉಳಿಯುತ್ತದೆ.

ಅಪಾಯಗಳನ್ನು ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಗುರುತಿಸುವುದನ್ನು ಈ ಸಲ ಬಿಟ್ಟೆ. ಬಣ್ಣದ ಹಿಂದಿನ ಕಾರಣ ಯಾರಿಗೂ ಕಾಣುವುದಿಲ್ಲ. ಬದಲಿಗೆ ಪ್ರತಿ ಅಪಾಯಕ್ಕೂ ಮೂರು ಪ್ರಶ್ನೆ ಹಾಕಿ ಉತ್ತರ ಬರೆದೆ: ಎಷ್ಟು ಮಂದಿಗೆ ಎಟುಕುತ್ತದೆ, ಒಂದೇ ಸಲಕ್ಕೆ ಎಷ್ಟು ಚಂದಾದಾರರ ವಿವರ ಹೋಗಬಹುದು, ಹೋದದ್ದು ನಮಗೆ ತಿಳಿಯುತ್ತದೆಯೇ. ಪರೀಕ್ಷಾ ಪರಿಸರಕ್ಕೆ 64 ಖಾತೆ, ಎಲ್ಲ ಚಂದಾದಾರರು, ತಿಳಿಯುವುದಿಲ್ಲ. ಅದು ಮೊದಲ ಸ್ಥಾನಕ್ಕೆ ತಾನಾಗಿಯೇ ಬಂತು. ಕೊಂಡಿಯದು ಎರಡನೆಯದು, `report_svc` ಮತ್ತು ಹ್ಯಾಶ್ ಸೇರಿ ಮೂರನೆಯದು. ಕ್ಯೂನ ಎನ್‌ಕ್ರಿಪ್ಷನ್, ಲಾಗ್‌ನ ಸಂಖ್ಯೆ, ಅಳಿಸುವಿಕೆ ಕೆಳಗಿನ ಸಾಲುಗಳಿಗೆ ಹೋದವು. ಜಾಲದ ಫೈರ್‌ವಾಲ್, ತಂಡದ ರಚನೆ, ವೆಚ್ಚದ ಅಂದಾಜು ಇರುವ ಸ್ಲೈಡ್‌ಗಳನ್ನು ಪರಿಶೀಲಿಸಿಲ್ಲ ಎಂದು ಸ್ಲೈಡ್ ಸಂಖ್ಯೆ ಸಹಿತ ಒಂದು ಸಾಲು ಕೊನೆಯಲ್ಲಿ ಸೇರಿಸಿದೆ. ಟಿಪ್ಪಣಿಯಲ್ಲಿಲ್ಲದ ಭಾಗ ಸರಿಯಾಗಿದೆ ಎಂದು ಯಾರೂ ತಿಳಿಯಬಾರದು.

ಸಮಿತಿ 40 ನಿಮಿಷ ಕುಳಿತು ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಮರೆಮಾಚುವ ಸ್ಕ್ರಿಪ್ಟ್ ಸಿದ್ಧವಾಗುವವರೆಗೆ ಪರೀಕ್ಷಾ ಡೇಟಾಬೇಸ್‌ಗೆ ಬ್ಯಾಕಪ್ ತುಂಬುವುದು ನಿಂತಿತು, ಆಗಲೇ ಅಲ್ಲಿದ್ದದ್ದನ್ನು ಅಳಿಸಲಾಯಿತು. ಸಿಎಸ್‌ವಿ ಕೊಂಡಿಯನ್ನು ಇಮೇಲ್‌ನಿಂದ ತೆಗೆದು, ಲಾಗಿನ್ ಆದ ಪರದೆಯಲ್ಲೇ 15 ನಿಮಿಷಕ್ಕೆ ಸಿಗುವಂತೆ ಮಾಡಿದರು. `report_svc` ಖಾತೆಯಿಂದ ಕಚ್ಚಾ ಪದರದ ಅನುಮತಿ ಅದೇ ಸಂಜೆ ಹೋಯಿತು. ಯಾವ ವರದಿಯೂ ಕೆಡಲಿಲ್ಲ. ಎಚ್‌ಮ್ಯಾಕ್‌ಗೆ ಮೂರು ವಾರ ಹಿಡಿಯಿತು, ಏಕೆಂದರೆ ಪ್ರಾಯೋಗಿಕ ಅವಧಿಯ ಹಳೆಯ ಕೋಷ್ಟಕಗಳನ್ನೆಲ್ಲ ಹೊಸ ಸಂಕೇತಕ್ಕೆ ಬದಲಾಯಿಸಬೇಕಿತ್ತು.

ಒಂದು ಸಾಲಿನ ಅಂಚಿನಲ್ಲಿ “ಉತ್ತರ ಬಂದಿಲ್ಲ” ಎಂಬ ಗುರುತು ಇನ್ನೂ ಇದೆ. ಎಸ್‌ಎಂಎಸ್ ಕಳುಹಿಸುವ ಹೊರಗಿನ ಸಂಸ್ಥೆ, ಸಂದೇಶ ತಲುಪಿದ ಮೇಲೆ ಸಂಖ್ಯೆಯನ್ನು ತನ್ನ ಲಾಗ್‌ನಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆ ಅದು. ಒಪ್ಪಂದದಲ್ಲಿ ಅದರ ಬಗ್ಗೆ ಷರತ್ತಿಲ್ಲ. ಒಪ್ಪಂದ ನವೀಕರಣದ ಹೊಣೆ ಹೊತ್ತವರ ಹುದ್ದೆಯನ್ನೂ, ಉತ್ತರ ಬರಬೇಕಾದ ದಿನಾಂಕವನ್ನೂ ಆ ಸಾಲಿನ ಎದುರು ಬರೆದಿಟ್ಟಿದ್ದೇನೆ.